‘ವಾಪಸ್ ಕೊಟ್ಟೆನಲ್ಲ’ ಅಂದರೆ ಕಳ್ಳತನ ಇಲ್ಲವಾಗುತ್ತದೆಯೇ? ಪ್ರಕರಣ ಬಿಡಿಸುವ ಕ್ರಮ, ಹಂತ ಹಂತವಾಗಿ

ಭಾನುವಾರ ಮಧ್ಯಾಹ್ನ ಮಾಟುಂಗದಲ್ಲಿ ನಮ್ಮ ಕಡೆಯ ಕೆಲವು ಹುಡುಗರಿಗೆ ಕಾನೂನು ಪಾಠ ಹೇಳುತ್ತೇನೆ. ಹಗಲು ಹೋಟೆಲ್, ಅಂಗಡಿ, ಆಫೀಸು. ಸಂಜೆ ಲಾ ಕಾಲೇಜು. ಕಳ್ಳತನದ ಪ್ರಶ್ನೆ ಕೊಟ್ಟಾಗಲೆಲ್ಲ ಹೆಚ್ಚಿನವರು ಒಂದೇ ಜಾಗದಲ್ಲಿ ಜಾರುತ್ತಾರೆ. ‘ಅವನಿಗೆ ವಾಪಸ್ ಕೊಡುವ ಉದ್ದೇಶ ಇತ್ತು, ಆದ್ದರಿಂದ ಇದು ಕಳ್ಳತನ ಅಲ್ಲ’ ಎಂದು ಬರೆದು ಮುಗಿಸುತ್ತಾರೆ. ಇದು ಇಂಗ್ಲೆಂಡಿನ ಉತ್ತರ. ಮುಂಬಯಿ ಕೋರ್ಟಿನಲ್ಲಿ ಇದು ತಪ್ಪು ಉತ್ತರ.

ತಪ್ಪು ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಇಂಗ್ಲೆಂಡಿನ 1968ರ ಥೆಫ್ಟ್ ಆಕ್ಟ್ ಬಗ್ಗೆ ಬರೆದ ಪುಸ್ತಕಗಳು, ನೋಟ್ಸುಗಳು ಎಲ್ಲರ ಕೈಯಲ್ಲೂ ಇವೆ. ಅಲ್ಲಿಯ ವ್ಯಾಖ್ಯೆ ಚಂದ, ನೆನಪಿಡಲು ಸುಲಭ: ಇನ್ನೊಬ್ಬರ ಸ್ವತ್ತನ್ನು, ಅವರಿಗೆ ಶಾಶ್ವತವಾಗಿ ಇಲ್ಲವಾಗಿಸುವ ಉದ್ದೇಶದಿಂದ, ಅಪ್ರಾಮಾಣಿಕವಾಗಿ ತನ್ನದಾಗಿಸಿಕೊಳ್ಳುವುದು. ನಮ್ಮ ವ್ಯಾಖ್ಯೆಯಲ್ಲಿ ‘ಶಾಶ್ವತವಾಗಿ’ ಎಂಬ ಮಾತೇ ಇಲ್ಲ. ‘ತನ್ನದಾಗಿಸಿಕೊಳ್ಳುವುದು’ ಕೂಡ ಕಳ್ಳತನದ ಕಲಮಿನಲ್ಲಿ ಇಲ್ಲ, ಬೇರೆ ಕಲಮಿನಲ್ಲಿದೆ. ಎರಡನ್ನೂ ಬೆರೆಸದೆ ಒಂದು ಪ್ರಕರಣವನ್ನು ಬಿಡಿಸುವುದು ಹೇಗೆ ಎಂಬುದನ್ನು ಕ್ರಮವಾಗಿ ಹೇಳುತ್ತೇನೆ. ಕ್ರಮ ತಪ್ಪಿದರೆ ಉತ್ತರವೂ ತಪ್ಪುತ್ತದೆ.

## ಕೈಯಲ್ಲಿ ಏನಿರಬೇಕು

ಭಾರತೀಯ ನ್ಯಾಯ ಸಂಹಿತೆಯ ಮೂಲ ಪಠ್ಯ ಇರಲಿ, ಗೈಡ್ ಬೇಡ. ಕಲಂ 2, ಕಲಂ 3, ಮತ್ತೆ 303ರಿಂದ 318ರವರೆಗಿನ ಪುಟಗಳು ಸಾಕು. ಕಲಮಿನ ಕೆಳಗಿರುವ ದೃಷ್ಟಾಂತಗಳನ್ನು ಬಿಟ್ಟು ಓದಬೇಡಿ. ಕಳ್ಳತನದ ಮಟ್ಟಿಗೆ ಅರ್ಧ ಕಾನೂನು ಆ ಸಣ್ಣ ಕಥೆಗಳಲ್ಲೇ ಇದೆ.

ಮೊದಲು ಘಟನೆಯ ದಿನ ನೋಡಿ. 2024ರ ಜುಲೈ 1ರಂದು ಅಥವಾ ಆಮೇಲೆ ನಡೆದದ್ದಾದರೆ ನ್ಯಾಯ ಸಂಹಿತೆ. ಅದಕ್ಕೂ ಮುಂಚಿನದಾದರೆ ಹಳೆಯ ಐಪಿಸಿ, ಅಂದರೆ 378, 379ನೇ ಕಲಂಗಳು. ಕಳ್ಳತನದ ವ್ಯಾಖ್ಯೆ ಎರಡರಲ್ಲೂ ಒಂದೇ. ಆದರೆ ಕಲಂ ಸಂಖ್ಯೆ ತಪ್ಪಾದರೆ ಓದುವವರಿಗೆ ನಿಮ್ಮ ಮೇಲೆ ನಂಬಿಕೆ ಹೋಗುತ್ತದೆ.

## ಹಂತ 1: ಕಥೆಯನ್ನು ಕ್ರಿಯಾಪದಗಳಿಗೆ ಇಳಿಸಿ

ಪಾಠದಲ್ಲಿ ನಾನು ಬಳಸುವ ಪ್ರಕರಣ ಇದು. ಮುಂದಿನ ಎಲ್ಲ ಹಂತಕ್ಕೂ ಇದನ್ನೇ ಹಿಡಿದುಕೊಳ್ಳೋಣ.

ಒಂದು ಉಡುಪಿ ಹೋಟೆಲ್. ಶನಿವಾರ ರಾತ್ರಿ ಹನ್ನೊಂದು ಗಂಟೆ. ಧನಿಗಳು ಕೌಂಟರಿನಲ್ಲಿದ್ದ ಹುಡುಗನಿಗೆ ‘ಸ್ವಲ್ಪ ಗಲ್ಲಾ ನೋಡ್ಕೋ’ ಎಂದು ಹೇಳಿ ಮಹಡಿಗೆ ಹೋದರು. ಹುಡುಗನ ತಂಗಿ ಆಸ್ಪತ್ರೆಯಲ್ಲಿದ್ದಾಳೆ, ಡಿಪಾಸಿಟ್ ಕಟ್ಟಬೇಕು. ಅವನು ಗಲ್ಲಾದಿಂದ 12,000 ರೂಪಾಯಿ ತೆಗೆದು ಶರ್ಟಿನ ಒಳಜೇಬಿಗೆ ಹಾಕಿದ. ಧನಿಗಳ ಸ್ಕೂಟರಿನ ಕೀ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದನ್ನೂ ತೆಗೆದುಕೊಂಡು ಪನ್ವೇಲಿಗೆ ಹೋಗಿ, ಬೆಳಗಿನ ಐದಕ್ಕೆ ಸ್ಕೂಟರ್ ಇದ್ದ ಜಾಗದಲ್ಲೇ ನಿಲ್ಲಿಸಿದ. ಸೋಮವಾರ ಊರಿಂದ ಅಣ್ಣ ದುಡ್ಡು ಕಳಿಸಿದ ಮೇಲೆ 12,000 ರೂಪಾಯಿಯನ್ನು ಗಲ್ಲಾಕ್ಕೆ ಸೇರಿಸಿದ. ಮಂಗಳವಾರ ಧನಿಗಳು ಕ್ಯಾಮೆರಾ ನೋಡಿದರು.

ಈಗ ವಿಶೇಷಣಗಳನ್ನೆಲ್ಲ ತೆಗೆದುಹಾಕಿ. ‘ಪಾಪ’, ‘ಕಷ್ಟದಲ್ಲಿದ್ದ’, ‘ನಂಬಿಕಸ್ಥ’ ಯಾವುದೂ ಬೇಡ. ಉಳಿಯುವುದು ಇಷ್ಟು: ತೆಗೆದ, ಜೇಬಿಗೆ ಹಾಕಿದ, ಓಡಿಸಿದ, ನಿಲ್ಲಿಸಿದ, ಸೇರಿಸಿದ. ಪ್ರತಿಯೊಂದರ ಎದುರಿಗೆ ಸಮಯ ಬರೆಯಿರಿ. ಅಪರಾಧ ಆಯಿತೋ ಇಲ್ಲವೋ ಎಂಬುದು ‘ತೆಗೆದ’ ಕ್ಷಣದಲ್ಲೇ ತೀರ್ಮಾನವಾಗುತ್ತದೆ. ‘ಸೇರಿಸಿದ’ ಎಂಬುದು ಎರಡು ದಿನ ಆಮೇಲಿನ ಮಾತು.

ಎಚ್ಚರದ ಗುರುತು: ನಿಮ್ಮ ಉತ್ತರದ ಮೊದಲ ಪುಟದಲ್ಲೇ ‘ವಾಪಸ್’ ಎಂಬ ಪದ ಬಂದಿದ್ದರೆ ನೀವು ಕಥೆಯನ್ನು ತುದಿಯಿಂದ ಓದುತ್ತಿದ್ದೀರಿ. ಅಳಿಸಿ ಮತ್ತೆ ಶುರು ಮಾಡಿ.

## ಹಂತ 2: ಆ ಕ್ಷಣದಲ್ಲಿ ವಸ್ತು ಯಾರ ಸ್ವಾಧೀನದಲ್ಲಿತ್ತು?

ಇದು ನಿಜವಾದ ಕವಲುದಾರಿ. ನಮ್ಮ 303ನೇ ಕಲಂ ಕೇಳುವುದು ವಸ್ತು ಯಾರದು ಎಂದಲ್ಲ, ಯಾರ ಸ್ವಾಧೀನದಲ್ಲಿತ್ತು ಎಂದು. ಚರ ಸ್ವತ್ತನ್ನು ಒಬ್ಬರ ಸ್ವಾಧೀನದಿಂದ, ಅವರ ಒಪ್ಪಿಗೆ ಇಲ್ಲದೆ, ಅಪ್ರಾಮಾಣಿಕವಾಗಿ ತೆಗೆದುಕೊಳ್ಳುವ ಉದ್ದೇಶದಿಂದ ಕದಲಿಸಿದರೆ ಕಳ್ಳತನ. ವಸ್ತು ಮೊದಲೇ ನಿಮ್ಮ ಸ್ವಾಧೀನದಲ್ಲಿದ್ದರೆ ಅದನ್ನು ಯಾರಿಂದಲೂ ‘ತೆಗೆದುಕೊಳ್ಳಲು’ ಆಗುವುದಿಲ್ಲ.

ಇಲ್ಲಿ ಹುಡುಗರು ಹೇಳುವುದು ಹೀಗೆ: ‘ಸರ್, ಗಲ್ಲಾ ಅವನ ಕೈಯಲ್ಲೇ ಇತ್ತಲ್ವಾ? ಮತ್ತೆ ಕಳ್ಳತನ ಹೇಗೆ?’ ಪ್ರಶ್ನೆ ಒಳ್ಳೆಯದು. ಉತ್ತರ ಕಲಂ 3ರ ಉಪಕಲಂ 3ರಲ್ಲಿದೆ. ಗಂಡ ಅಥವಾ ಹೆಂಡತಿ, ಗುಮಾಸ್ತ, ಆಳು ಇವರು ಯಜಮಾನನ ಪರವಾಗಿ ಇಟ್ಟುಕೊಂಡ ವಸ್ತು ಯಜಮಾನನ ಸ್ವಾಧೀನದಲ್ಲೇ ಇದ್ದ ಹಾಗೆ. ಹುಡುಗನ ಕೈ ಗಲ್ಲಾದ ಮೇಲಿತ್ತು, ಸ್ವಾಧೀನ ಮಾತ್ರ ಮಹಡಿಯಲ್ಲಿದ್ದ ಧನಿಗಳದ್ದೇ.

ಇದನ್ನು ಮನಸ್ಸಿನಲ್ಲಿ ಕೂರಿಸಲು ಕಳ್ಳತನದ ಕಲಮಿನ ಎರಡು ದೃಷ್ಟಾಂತಗಳನ್ನು ಜೊತೆಯಾಗಿ ಓದಿ. ಮೊದಲನೆಯದರಲ್ಲಿ ಯಜಮಾನ ಬೆಳ್ಳಿ ಪಾತ್ರೆಗಳನ್ನು ನೋಡಿಕೊಳ್ಳಲು ಆಳಿಗೆ ಒಪ್ಪಿಸಿರುತ್ತಾನೆ, ಆಳು ಅದನ್ನು ಹೊತ್ತು ಓಡುತ್ತಾನೆ. ಅದು ಕಳ್ಳತನ. ಎರಡನೆಯದರಲ್ಲಿ ಪ್ರಯಾಣ ಹೊರಟವನು ಪಾತ್ರೆಗಳನ್ನು ಗೋದಾಮಿನವನ ಬಳಿ ಇಟ್ಟು ಹೋಗುತ್ತಾನೆ, ಗೋದಾಮಿನವನು ಅವನ್ನು ಅಕ್ಕಸಾಲಿಗನಿಗೆ ಮಾರುತ್ತಾನೆ. ಅದು ಕಳ್ಳತನ ಅಲ್ಲ, ನಂಬಿಕೆ ದ್ರೋಹ ಆಗಬಹುದು. ಪಾತ್ರೆ ಅದೇ, ಮೋಸವೂ ಅದೇ. ಬದಲಾದದ್ದು ಸ್ವಾಧೀನ.

ಹಾಗಾಗಿ ನಮ್ಮ ಪ್ರಕರಣದಲ್ಲಿ 306ನೇ ಕಲಂ ಬರುತ್ತದೆ, ಅಂದರೆ ಯಜಮಾನನ ಸ್ವಾಧೀನದಲ್ಲಿದ್ದುದನ್ನು ಆಳು ಕದಿಯುವುದು. ಶಿಕ್ಷೆ ಏಳು ವರ್ಷದವರೆಗೆ ಹೋಗಬಹುದು. ಸಾಮಾನ್ಯ ಕಳ್ಳತನಕ್ಕೆ ಅದು ಮೂರು ವರ್ಷದವರೆಗೆ. ಅದೇ ಧನಿಗಳು ‘ಈ ದುಡ್ಡನ್ನು ಬ್ಯಾಂಕಿಗೆ ಕಟ್ಟಿ ಬಾ’ ಎಂದು ವಹಿಸಿಕೊಟ್ಟಿದ್ದು, ಅವನು ದಾರಿಯಲ್ಲಿ ಖರ್ಚು ಮಾಡಿದ್ದರೆ? ಆಗ 316(4) ನೋಡಬೇಕು. ಅದು ಗುಮಾಸ್ತ ಅಥವಾ ಆಳು ಮಾಡುವ ನಂಬಿಕೆ ದ್ರೋಹ. ನಿಜವಾದ ಕೇಸುಗಳಲ್ಲಿ ಈ ಎರಡರ ಗಡಿ ತೆಳುವಾಗಿರುತ್ತದೆ. ಅವನಿಗೆ ಒಪ್ಪಿಸಿದ್ದು ಬರೀ ಕಾವಲೋ, ದುಡ್ಡಿನ ಲೆಕ್ಕವೋ ಎಂದು ಕೇಳಿಕೊಳ್ಳಿ. ಉತ್ತರದಲ್ಲಿ ಒಂದನ್ನು ಆರಿಸಿ, ಯಾಕೆ ಅಂತ ಒಂದು ಸಾಲು ಬರೆಯಿರಿ.

## ಹಂತ 3: ಕದಲಿಸಿದ್ದು ಎಲ್ಲಿ?

ಗಲ್ಲಾದ ಖಾನೆಯಿಂದ ನೋಟಿನ ಕಟ್ಟು ಮೇಲೆದ್ದಿತಲ್ಲ, ಅಷ್ಟೇ ಸಾಕು. ಜೇಬು ಸೇರಬೇಕಿಲ್ಲ, ಹೋಟೆಲ್ ದಾಟಬೇಕಿಲ್ಲ. ಇನ್ನೊಂದು ದೃಷ್ಟಾಂತದಲ್ಲಿ ಒಬ್ಬ ಉಂಗುರವನ್ನು ಅದೇ ಮನೆಯೊಳಗೆ ಅಡಗಿಸಿಡುತ್ತಾನೆ, ಹುಡುಕಾಟ ತಣ್ಣಗಾದ ಮೇಲೆ ಮಾರೋಣ ಅಂತ. ಉಂಗುರ ಮನೆ ಬಿಟ್ಟು ಹೋಗಿಲ್ಲ. ಆದರೂ ಮೊದಲು ಕದಲಿಸಿದಾಗಲೇ ಕಳ್ಳತನ ಆಗಿಹೋಗಿದೆ.

ಇಂಗ್ಲೆಂಡಿನ ನೋಟ್ಸಿನಲ್ಲಿ ಈ ಜಾಗದಲ್ಲಿ ಬೇರೆ ಪರಿಕಲ್ಪನೆ ಇರುತ್ತದೆ. ಅಲ್ಲಿ ಮಾಲೀಕನ ಯಾವುದೇ ಹಕ್ಕನ್ನು ತಾನು ಚಲಾಯಿಸಿದರೆ ಅದು ‘ತನ್ನದಾಗಿಸಿಕೊಂಡ’ ಹಾಗೆ. 1993ರ ವರದಿಗಳಲ್ಲಿರುವ ಗೋಮೆಜ್ ತೀರ್ಪು ಇದನ್ನು ತುಂಬಾ ದೂರ ಎಳೆಯಿತು. ಅಂಗಡಿಯ ಸಹಾಯಕ ಮ್ಯಾನೇಜರ್ ಒಬ್ಬ, ಕದ್ದ ಚೆಕ್ಕುಗಳು ಎಂದು ಗೊತ್ತಿದ್ದೂ ಅವು ಸರಿಯಾಗಿವೆ ಎಂದು ಮ್ಯಾನೇಜರನ್ನು ನಂಬಿಸಿ ಸಾಮಾನು ಹೊರಗೆ ಹೋಗುವ ಹಾಗೆ ಮಾಡಿದ. ಮ್ಯಾನೇಜರ್ ಒಪ್ಪಿಯೇ ಸಾಮಾನು ಕೊಟ್ಟಿದ್ದರೂ ಅದು ಕಳ್ಳತನ ಎಂದಿತು ಅಲ್ಲಿನ ಹೌಸ್ ಆಫ್ ಲಾರ್ಡ್ಸ್. ಇಲ್ಲಿ ಹಾಗೆ ಬರೆಯಬೇಡಿ. ಮೋಸ ಮಾಡಿ ಕೊಡಿಸಿಕೊಂಡರೆ ನಮ್ಮಲ್ಲಿ ಅದು 318ನೇ ಕಲಮಿನ ವಂಚನೆ. ಪರೀಕ್ಷೆಯಲ್ಲಿ ಭಾರತೀಯ ಪ್ರಶ್ನೆಗೆ ಗೋಮೆಜ್ ಹೆಸರು ಕಂಡರೆ ಉತ್ತರ ಹಳಿ ತಪ್ಪಿದೆ ಅಂತಲೇ ಅರ್ಥ.

## ಹಂತ 4: ಅಪ್ರಾಮಾಣಿಕತೆಯನ್ನು ಮನಸ್ಸಿನ ಒಳ್ಳೆಯತನದಿಂದ ಅಳೆಯಬೇಡಿ

‘ಅವನು ಒಳ್ಳೆಯ ಹುಡುಗ, ತಂಗಿಗಾಗಿ ಮಾಡಿದ.’ ನಾನೂ ಹಾಗೇ ಅಂದುಕೊಳ್ಳುತ್ತೇನೆ. ಶಿಕ್ಷೆ ಎಷ್ಟು ಎಂದು ತೀರ್ಮಾನಿಸುವಾಗ ಅದು ಬೇಕಾದ ಮಾತು, ಅಲ್ಲಿ ಜೋರಾಗಿ ಹೇಳಿ. ಆದರೆ ಅಪರಾಧ ಆಯಿತೇ ಎಂಬ ಪ್ರಶ್ನೆಯಲ್ಲಿ ‘ಅಪ್ರಾಮಾಣಿಕವಾಗಿ’ ಎಂಬುದಕ್ಕೆ ಕಲಂ 2ರಲ್ಲಿ ಅಳತೆ ಕೊಟ್ಟಿದ್ದಾರೆ. ಒಬ್ಬರಿಗೆ ಅಕ್ರಮ ಲಾಭ ಅಥವಾ ಇನ್ನೊಬ್ಬರಿಗೆ ಅಕ್ರಮ ನಷ್ಟ ಮಾಡುವ ಉದ್ದೇಶ. ಇಷ್ಟೇ. ಎರಡರಲ್ಲಿ ಒಂದು ಇದ್ದರೂ ಸಾಕು.

ಇಂಗ್ಲೆಂಡಿನಲ್ಲಿ ಅಳತೆ ಬೇರೆ. 2017ರ ಐವಿ ತೀರ್ಪಿನ ನಂತರ ಅಲ್ಲಿ ಮೊದಲು ಆರೋಪಿ ಏನನ್ನು ನಿಜವೆಂದು ನಂಬಿದ್ದ ಎಂದು ನೋಡುತ್ತಾರೆ. ಆಮೇಲೆ, ಆ ನಂಬಿಕೆ ಇಟ್ಟುಕೊಂಡು ಅವನು ಮಾಡಿದ್ದು ಸಾಮಾನ್ಯ ಸಜ್ಜನರ ಕಣ್ಣಿಗೆ ಅಪ್ರಾಮಾಣಿಕವೇ ಎಂದು ಕೇಳುತ್ತಾರೆ. ನಮ್ಮಲ್ಲಿ ಸಜ್ಜನರ ಕಣ್ಣು ಬೇಡ, ಲಾಭ ನಷ್ಟದ ಲೆಕ್ಕ ಬೇಕು.

ನಂಬಿಕೆಗೆ ನಮ್ಮಲ್ಲೂ ಜಾಗ ಇದೆ, ಇದನ್ನು ಮರೆಯಬೇಡಿ. ಗೆಳೆಯನ ಮನೆಗೆ ಹೋಗಿ, ಅವನಿಲ್ಲದಾಗ ಓದಿ ವಾಪಸ್ ಕೊಡಲು ಒಂದು ಪುಸ್ತಕ ತಂದರೆ ಅದು ಕಳ್ಳತನ ಅಲ್ಲ ಎನ್ನುತ್ತದೆ ಒಂದು ದೃಷ್ಟಾಂತ. ಅಲ್ಲಿ ಉಳಿಸುವುದು ‘ವಾಪಸ್ ಕೊಡುತ್ತೇನೆ’ ಎಂಬ ಉದ್ದೇಶ ಅಂತ ಬಹಳ ಜನ ಓದಿಕೊಳ್ಳುತ್ತಾರೆ. ಅದಲ್ಲ. ಗೆಳೆಯ ಬೇಡ ಅನ್ನುವುದಿಲ್ಲ, ಅವನ ಒಪ್ಪಿಗೆ ಇದ್ದೇ ಇದೆ ಎಂದು ಅವನು ನಂಬಿದ್ದಿರಬಹುದು. ಆ ನಂಬಿಕೆ ಅವನನ್ನು ಉಳಿಸುತ್ತದೆ.

ಈಗ ನಮ್ಮ ಹುಡುಗನ ಕಡೆ ತಿರುಗಿ. ಕೆಲವು ಹೋಟೆಲುಗಳಲ್ಲಿ ಒಂದು ರೂಢಿ ಇರುತ್ತದೆ. ತುರ್ತಿದ್ದರೆ ಗಲ್ಲಾದಿಂದ ದುಡ್ಡು ತೆಗೆದು, ಚೀಟಿಯಲ್ಲಿ ಹೆಸರು, ಮೊತ್ತ, ದಿನ ಬರೆದು ಖಾನೆಯಲ್ಲಿ ಹಾಕುವುದು, ತಿಂಗಳ ಕೊನೆಗೆ ಧನಿಗಳು ಅದನ್ನು ಅಡ್ವಾನ್ಸ್ ಅಂತ ಸಂಬಳದಲ್ಲಿ ಕಡಿಯುವುದು. ಈ ಹೋಟೆಲಿನಲ್ಲಿ ಆ ರೂಢಿ ಇದ್ದು, ಅವನು ಚೀಟಿ ಹಾಕಿದ್ದರೆ ಪ್ರಕರಣ ಇಲ್ಲಿಗೇ ನಿಲ್ಲುತ್ತದೆ. ಚೀಟಿ ಇಲ್ಲ, ಒಳಜೇಬು ಇದೆ, ಧನಿಗಳು ಮಹಡಿಯಲ್ಲೇ ಇದ್ದರೂ ಕೇಳಲಿಲ್ಲ. ಉದ್ದೇಶವನ್ನು ಹೀಗೆ ಸಣ್ಣ ವಿವರಗಳಿಂದ ಓದಬೇಕು. ಯಾರ ಎದೆಯನ್ನೂ ಸೀಳಿ ನೋಡಲು ಆಗುವುದಿಲ್ಲ.

## ಹಂತ 5: ಈಗ, ಈಗ ಮಾತ್ರ, ‘ವಾಪಸ್’ ವಿಚಾರ

ಅಕ್ರಮ ಲಾಭ ಎಂದರೆ ಅಕ್ರಮವಾಗಿ ಪಡೆಯುವುದು ಮಾತ್ರ ಅಲ್ಲ, ಅಕ್ರಮವಾಗಿ ಇಟ್ಟುಕೊಳ್ಳುವುದೂ ಹೌದು. ಅಕ್ರಮ ನಷ್ಟ ಎಂದರೆ ಕಳೆದುಕೊಳ್ಳುವುದು ಮಾತ್ರ ಅಲ್ಲ, ತನ್ನ ವಸ್ತುವಿನಿಂದ ದೂರ ಇರಿಸಲ್ಪಡುವುದೂ ಹೌದು. ಎಷ್ಟು ಹೊತ್ತು ಎಂದು ಕಲಂ ಹೇಳಿಲ್ಲ. ‘ಶಾಶ್ವತವಾಗಿ’ ಎಂಬುದು ಇಲ್ಲಿ ಬೇಕಿಲ್ಲದಿರುವುದಕ್ಕೆ ಕಾರಣ ಇದು.

ಸುಪ್ರೀಂ ಕೋರ್ಟ್ ಇದನ್ನು ಎರಡು ತೀರ್ಪುಗಳಲ್ಲಿ ಗಟ್ಟಿ ಮಾಡಿದೆ. 1957ರ ಕೆ.ಎನ್. ಮೆಹ್ರಾ ಪ್ರಕರಣದಲ್ಲಿ ಜೋಧ್‌ಪುರದಲ್ಲಿ ತರಬೇತಿಯಲ್ಲಿದ್ದ ವಾಯುಪಡೆಯ ಕೆಡೆಟ್ ಒಬ್ಬರು 1952ರ ಮೇನಲ್ಲಿ ಅನುಮತಿ ಇಲ್ಲದೆ ಹಾರ್ವರ್ಡ್ ವಿಮಾನ ಹಾರಿಸಿದರು. ಅವರ ಪಾಲಿನ ಹಾರಾಟ ಇದ್ದದ್ದು ಡಕೋಟಾ ಎಂಬ ಬೇರೆ ವಿಮಾನದಲ್ಲಿ. ವಿಮಾನ ಇಳಿದದ್ದು ಪಾಕಿಸ್ತಾನದಲ್ಲಿ. ದಾರಿ ತಪ್ಪಿತು ಎಂಬುದು ಅವರ ವಾದ. ಮಾಲೀಕರಿಗೆ ಸ್ವಲ್ಪ ಹೊತ್ತಿನ ಮಟ್ಟಿಗೆ ವಸ್ತು ಇಲ್ಲವಾಗಿಸಿದರೂ ನಷ್ಟವೇ, ನಮ್ಮ ಕಾನೂನು ಈ ವಿಷಯದಲ್ಲಿ ಇಂಗ್ಲೆಂಡಿನದಕ್ಕಿಂತ ಬೇರೆ ಎಂದು ಕೋರ್ಟ್ ಹೇಳಿ ಕಳ್ಳತನ ಎತ್ತಿಹಿಡಿಯಿತು.

1963ರ ವರದಿಗಳಲ್ಲಿರುವ ಪ್ಯಾರೇಲಾಲ್ ಭಾರ್ಗವ ಪ್ರಕರಣ ನಮ್ಮ ಪಾಠಕ್ಕೆ ಇನ್ನೂ ಹತ್ತಿರ. ಅಲ್ವರ್‌ನ ಮುಖ್ಯ ಎಂಜಿನಿಯರ್ ಕಚೇರಿಯ ಸೂಪರಿಂಟೆಂಡೆಂಟ್ ಒಂದು ಫೈಲನ್ನು ಮನೆಗೆ ಒಯ್ದು ಗೆಳೆಯನಿಗೆ ಕೊಟ್ಟರು. ಗೆಳೆಯ ಅದರಲ್ಲಿದ್ದ ಕಾಗದ ಬದಲಿಸಿದ. ಮರುದಿನ ಫೈಲ್ ಕಚೇರಿಗೆ ಬಂತು. ಒಂದೇ ಒಂದು ದಿನ. ಅದೂ ಕಳ್ಳತನ.

ಹಾಗಾದರೆ ಇಂಗ್ಲೆಂಡಿನ ಉತ್ತರದಲ್ಲಿ ನಮ್ಮ ಹುಡುಗ ಪೂರ್ತಿ ಬಚಾವೇ? ಇಲ್ಲೂ ಒಂದು ಸೂಕ್ಷ್ಮ ಇದೆ, ಚೆನ್ನಾಗಿ ಓದಿದವರೂ ಅದನ್ನು ಮರೆಯುತ್ತಾರೆ. ಸ್ಕೂಟರ್ ಮಟ್ಟಿಗೆ ಅಲ್ಲಿ ಕಳ್ಳತನ ಇಲ್ಲ. ಅದೇ ಸ್ಕೂಟರ್ ಬೆಳಗ್ಗೆ ಮಾಲೀಕನಿಗೆ ಸಿಗಲಿ ಎಂಬ ಉದ್ದೇಶ ಇತ್ತಲ್ಲ. ಇಂಥ ಪ್ರಸಂಗಕ್ಕಾಗಿಯೇ ಅಲ್ಲಿ 12ನೇ ಕಲಂ ಇಟ್ಟಿದ್ದಾರೆ, ಒಪ್ಪಿಗೆ ಇಲ್ಲದೆ ವಾಹನ ಒಯ್ಯುವ ಬೇರೆ ಅಪರಾಧ ಅಂತ. ಹಣದ ಮಟ್ಟಿಗೆ ಮಾತ್ರ ಅಲ್ಲೂ ಸಿಕ್ಕಿಬೀಳುತ್ತಾನೆ. 1989ರ ವೆಲುಮಿಲ್ ತೀರ್ಪಿನಲ್ಲಿ ಕಂಪನಿಯ ಮ್ಯಾನೇಜರ್ ಒಬ್ಬ ತಿಜೋರಿಯಿಂದ ಹಣ ತೆಗೆದು, ವಾರಾಂತ್ಯ ಕಳೆದ ಮೇಲೆ ಹಾಕುತ್ತೇನೆ ಅಂದುಕೊಂಡಿದ್ದ. ಅವನು ಹಾಕಲಿದ್ದದ್ದು ಅದೇ ಮೊತ್ತದ ಬೇರೆ ನೋಟುಗಳನ್ನು. ತೆಗೆದ ಆ ನೋಟುಗಳು ಮಾಲೀಕನಿಗೆ ಶಾಶ್ವತವಾಗಿಯೇ ಹೋದವು ಎಂದಿತು ಕೋರ್ಟ್. ನಮ್ಮ ಹುಡುಗನ 12,000 ರೂಪಾಯಿ ಆಸ್ಪತ್ರೆಯ ಕೌಂಟರ್ ಸೇರಿತು. ಸೋಮವಾರ ಬಂದದ್ದು ಅಣ್ಣನ ದುಡ್ಡು.

ಅಂದರೆ ಹಣಕ್ಕೆ ಎರಡೂ ಕಡೆ ಒಂದೇ ಉತ್ತರ, ವಾಹನಕ್ಕೆ ಮಾತ್ರ ಬೇರೆ ಬೇರೆ. ಒಂದೇ ರಾತ್ರಿಯ ಎರಡು ಕೆಲಸಗಳನ್ನು ಒಟ್ಟಿಗೆ ಕಟ್ಟಿ ಉತ್ತರಿಸಿದರೆ ಇದು ಕಾಣುವುದಿಲ್ಲ. ವಸ್ತು ಎಷ್ಟಿವೆಯೋ ಅಷ್ಟು ಸಲ ಈ ಹಂತಗಳನ್ನು ನಡೆಸಿ.

ಸ್ಕೂಟರ್ ಬಗ್ಗೆ ನಮ್ಮ ಕಾನೂನಿನಲ್ಲೂ ಸುಮ್ನೆ ‘ಕಳ್ಳತನ’ ಎಂದು ಬರೆದು ಹೋಗಬೇಡಿ. ಹಾಲು ತರಲು, ಗ್ಯಾಸ್ ಏಜೆನ್ಸಿಗೆ ಹೋಗಲು ಅದೇ ಕೀ ತೆಗೆದು ಹೋಗುವ ಅಭ್ಯಾಸ ಅವನಿಗಿದ್ದರೆ, ‘ಧನಿಗಳು ಏನೂ ಅನ್ನುವುದಿಲ್ಲ’ ಎಂಬ ನಂಬಿಕೆಗೆ ನೆಲೆ ಇದೆ. ಪುಸ್ತಕದ ದೃಷ್ಟಾಂತ ಅವನ ನೆರವಿಗೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಆಗ ಸ್ಕೂಟರಿನ ಆರೋಪ ನಿಲ್ಲುವುದು ಕಷ್ಟ, ಹಣದ ಆರೋಪ ನಿಲ್ಲುತ್ತದೆ.

## ಹಂತ 6: ವಾಪಸ್ ಕೊಟ್ಟದ್ದಕ್ಕೆ ಸರಿಯಾದ ಜಾಗ ಕೊಡಿ

ಹಿಂದಿರುಗಿಸಿದ್ದು ಅಪರಾಧವನ್ನು ಅಳಿಸುವುದಿಲ್ಲ, ಆದರೆ ಶಿಕ್ಷೆಯಲ್ಲಿ ತೂಗುತ್ತದೆ. ಹೊಸ ಸಂಹಿತೆಯ 303(2)ರಲ್ಲಿ ಇದಕ್ಕೆ ಬರಹದಲ್ಲೇ ಒಂದು ಬಾಗಿಲು ಇದೆ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ಶಿಕ್ಷೆಗೊಳಗಾದವನು ವಸ್ತು ಅಥವಾ ಅದರ ಬೆಲೆ ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ. ನಮ್ಮ ಹುಡುಗನಿಗೆ ಇದು ಸಿಗುವುದಿಲ್ಲ. ಮೊತ್ತ 12,000, ಮೇಲಾಗಿ ಕಲಂ 306. ಅಲ್ಲಿ ಆ ಮಾತಿಲ್ಲ.

ಎಚ್ಚರದ ಗುರುತು: ‘ಐದು ಸಾವಿರದ ಒಳಗೆ ಕದ್ದರೆ ಕೇಸೇ ಇಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಮುದಾಯ ಸೇವೆ ಬರುವುದು ಅಪರಾಧ ಸಾಬೀತಾದ ಮೇಲೆ. ಅದೂ ಶಿಕ್ಷೆಯೇ.

## ಹಂತ 7: ಯಾರ ಸ್ವಾಧೀನದಲ್ಲೂ ಇಲ್ಲದ ವಸ್ತು

ಎರಡನೇ ಹಂತದಲ್ಲಿ ‘ಯಾರದ್ದೂ ಅಲ್ಲ’ ಎಂಬ ಉತ್ತರ ಬಂದರೆ 314ಕ್ಕೆ ಹೋಗಿ. ‘ತನ್ನದಾಗಿಸಿಕೊಳ್ಳುವುದು’ ನಮ್ಮಲ್ಲಿ ವಾಸವಾಗಿರುವುದು ಅಲ್ಲಿ, ಅಪ್ರಾಮಾಣಿಕ ದುರ್ವಿನಿಯೋಗ ಎಂಬ ಹೆಸರಿನಲ್ಲಿ. ಸ್ವಲ್ಪ ಕಾಲಕ್ಕೆ ಮಾತ್ರ ಮಾಡಿದ ದುರ್ವಿನಿಯೋಗವೂ ದುರ್ವಿನಿಯೋಗವೇ ಎಂದು ಆ ಕಲಮಿನ ಮೊದಲ ವಿವರಣೆಯೇ ಹೇಳುತ್ತದೆ. ‘ಆಮೇಲೆ ಕೊಡ್ತಿದ್ದೆ’ ಎಂಬ ಮಾತು ಇಲ್ಲೂ ನಡೆಯುವುದಿಲ್ಲ.

ಕೊನೆಯ ಲೋಕಲ್ ಟ್ರೇನ್, ಕುರ್ಲಾ ದಾಟಿದೆ, ಸೀಟಿನ ಮೇಲೆ ಒಂದು ಮೊಬೈಲ್, ಪಕ್ಕದಲ್ಲಿ ಯಾರೂ ಇಲ್ಲ. ಎತ್ತಿಕೊಂಡದ್ದು ತಪ್ಪಲ್ಲ. ಕಾಪಾಡಲು ಅಥವಾ ಮಾಲೀಕರಿಗೆ ತಲುಪಿಸಲು ಎತ್ತಿಕೊಳ್ಳಬಹುದು ಎಂದು ಎರಡನೇ ವಿವರಣೆ ಹೇಳುತ್ತದೆ. ಮಾಲೀಕರು ಯಾರೆಂದು ಗೊತ್ತಿದ್ದೂ, ಅಥವಾ ಪತ್ತೆ ಹಚ್ಚುವ ದಾರಿ ಇದ್ದೂ ತನ್ನದಾಗಿಸಿಕೊಂಡರೆ ಅಪರಾಧ. ಪತ್ತೆಗೆ ಯೋಗ್ಯ ಪ್ರಯತ್ನ ಮಾಡದೆ, ಅವರು ಬಂದು ಕೇಳಲು ಸಾಕಷ್ಟು ಸಮಯ ಕೊಡದೆ ತನ್ನದಾಗಿಸಿಕೊಂಡರೂ ಅಪರಾಧವೇ. ಬೀದಿಯಲ್ಲಿ ಬಿದ್ದ ಒಂದು ನಾಣ್ಯಕ್ಕೆ ಮಾಲೀಕರನ್ನು ಹುಡುಕಲಾಗದು. ಮೊಬೈಲು ಹಾಗಲ್ಲ, ಅದು ತಾನೇ ಮಾಲೀಕರನ್ನು ತೋರಿಸುತ್ತದೆ. ಯಾರಾದರೂ ಕರೆ ಮಾಡುತ್ತಾರೆ, ನೀವು ಎತ್ತಿದರೆ ಸಾಕು. ಕರೆ ಬರದಿದ್ದರೆ ಇಳಿದ ಸ್ಟೇಷನ್ನಿನಲ್ಲಿ ರೈಲ್ವೆ ಪೊಲೀಸರಿಗೆ ಕೊಟ್ಟು, ಕೊಟ್ಟದ್ದಕ್ಕೆ ಒಂದು ಬರಹ ಕೇಳಿ ಪಡೆಯಿರಿ.

ಉತ್ತರ ಬರೆಯುವಾಗ ಇಲ್ಲಿ ಒಂದು ಕ್ಷಣವನ್ನು ಗುರುತಿಸಬೇಕು. ಎತ್ತಿಕೊಂಡ ಕ್ಷಣ ಅಲ್ಲ, ಮನೆಗೆ ತಂದ ಕ್ಷಣವೂ ಅಲ್ಲ. ಮೊಬೈಲ್ ರಿಂಗ್ ಆಗುತ್ತಿದೆ, ಪರದೆಯ ಮೇಲೆ ‘ಅಮ್ಮ’ ಎಂದು ಕಾಣುತ್ತಿದೆ, ಎತ್ತಿಕೊಂಡವನು ಪಿನ್ನಿನಿಂದ ಸಿಮ್ ಟ್ರೇ ಹೊರಗೆಳೆಯುತ್ತಾನೆ. ನಿಮ್ಮ ಉತ್ತರದಲ್ಲಿ ಕಲಂ 314 ಬರಬೇಕಾದದ್ದು ಆ ಸಾಲಿನ ಎದುರಿಗೆ.